ಒಂದೇ ಕ್ಯಾಮೆರಾ, ಇಪ್ಪತ್ತು ಓವರ್, ನಾಲ್ಕು ನಿಮಿಷ

ನನ್ನ ಹೊಟ್ಟೆಪಾಡು ಮದುವೆ ವಿಡಿಯೊಗಳದ್ದು. ಮದುವೆಯಲ್ಲಿ ಏನನ್ನೂ ಬಿಡುವಂತಿಲ್ಲ. ಉಡುಗೊರೆ ಕೊಡಲು ವೇದಿಕೆ ಹತ್ತಿದ ಪ್ರತಿಯೊಬ್ಬರ ಮುಖವೂ ಕಾಣಬೇಕು, ಇಲ್ಲದಿದ್ದರೆ ಬೀಗರ ನಡುವೆ ಮನಸ್ತಾಪ. ಹಾಗಾಗಿ ಕಾರಟಗಿ ಕಡೆಯ ಹುಡುಗರು ಬೇಸಿಗೆಯಲ್ಲಿ ನಡೆಯುವ ಟೆನಿಸ್ ಬಾಲ್ ಪಂದ್ಯಾವಳಿಯ ವಿಡಿಯೊ ಮಾಡಿಕೊಡಿ ಎಂದು ಮೊದಲ ಸಲ ಬಂದಾಗ, ಅದನ್ನೂ ಮದುವೆಯಂತೆಯೇ ಮಾಡಿದೆ. ಹತ್ತು ಓವರಿನ ಪಂದ್ಯದ ಬೌಂಡರಿ, ಸಿಕ್ಸರ್, ವಿಕೆಟ್ ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ಏಳು ನಿಮಿಷದ ಹತ್ತಿರ ಬಂತು. ಆಡಿದವರು ತಮ್ಮ ತಮ್ಮ ಹೊಡೆತವನ್ನು ನೋಡಿಕೊಂಡರು. ಆಡದವರು ಎರಡನೇ ನಿಮಿಷಕ್ಕೇ ಎದ್ದು ಹೋದರು, ಏಕೆಂದರೆ ಯಾರು ಯಾಕೆ ಗೆದ್ದರು ಎಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಆಮೇಲೆ ಕಲಿತದ್ದನ್ನು ಒಂದು ಪಂದ್ಯವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಕೆಂಪು ಅಂಗಿಯವರು ಮೊದಲು ಆಡಿ ಹತ್ತು ಓವರಿನಲ್ಲಿ 6 ವಿಕೆಟಿಗೆ 84 ಮಾಡಿದರು. ನೀಲಿ ಅಂಗಿಯವರು 8 ವಿಕೆಟಿಗೆ 82ರಲ್ಲಿ ನಿಂತರು. ಎರಡು ರನ್ನಿನ ಸೋಲು. ಭತ್ತ ಕೊಯ್ದ ಗದ್ದೆಯ ಕೂಳೆಯನ್ನು ಸವರಿ, ನಡುವೆ ಪಿಚ್ ಉರುಳಿಸಿದ್ದ ಮೈದಾನ. ಬೌಂಡರಿಯ ಆಚೆ, ಪಿಚ್ಚಿನ ನೇರಕ್ಕೆ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ನನ್ನ ಒಂದೇ ಕ್ಯಾಮೆರಾ, ಟ್ರೈಪಾಡಿಗೆ ಬಿಗಿದದ್ದು. ಟ್ರೇಲರಿಗೆ ಬೇರೆ ಯಾರನ್ನೂ ಹತ್ತಲು ಬಿಡಬಾರದು. ಒಬ್ಬ ಕುಣಿದರೆ ಸಾಕು, ಮೈದಾನಕ್ಕೆ ಭೂಕಂಪವಾದಂತೆ ಕಾಣುತ್ತದೆ. ಎರಡೂ ಇನಿಂಗ್ಸ್ ಮತ್ತು ನಡುವಿನ ಬಿಡುವು ಸೇರಿ ಒಂದು ಗಂಟೆ ನಲವತ್ತು ನಿಮಿಷದ ಚಿತ್ರೀಕರಣ. ಬೇಕಾದದ್ದು ನಾಲ್ಕು ನಿಮಿಷ.

ಮೊದಲ ಕೆಲಸ ವಿಡಿಯೊ ನೋಡುವುದಲ್ಲ, ಸ್ಕೋರ್ ಪುಸ್ತಕ ಕೇಳಿ ತರುವುದು. ಏನಾಯಿತು ಎಂಬುದು ಆ ಪುಸ್ತಕದಲ್ಲಿದೆ. ಎಲ್ಲಿದೆ ಎಂಬುದು ಮಾತ್ರ ವಿಡಿಯೊದಲ್ಲಿದೆ. ಪುಸ್ತಕವಿಲ್ಲದೆ ಕುಳಿತರೆ ಒಂದೂಮುಕ್ಕಾಲು ಗಂಟೆಯನ್ನು ಎರಡು ಮೂರು ಸಲ ನೋಡಬೇಕಾಗುತ್ತದೆ, ಅಷ್ಟರಲ್ಲಿ ಕಣ್ಣು ಸೋತು ಎಲ್ಲ ಹೊಡೆತವೂ ಒಂದೇ ಥರ ಕಾಣಲು ಶುರುವಾಗುತ್ತದೆ. ಪುಸ್ತಕದ ಗುರುತುಗಳು ಗೊತ್ತಿರಬೇಕು: ರನ್ನಿಲ್ಲದ ಎಸೆತಕ್ಕೆ ಚುಕ್ಕೆ, ವೈಡಿಗೆ ಕೂಡಿಸುವ ಚಿಹ್ನೆಯಂಥ ಅಡ್ಡಗೆರೆ, ನೋಬಾಲಿಗೆ ಸುತ್ತು, ಬೈಗೆ ತ್ರಿಕೋನ. ಇನ್ನೊಂದು ಮೋಸವಿದೆ. ಮೊಬೈಲಿನಲ್ಲಿ ಸ್ಕೋರ್ ಬರೆಯುವವರು 6.4 ಎಂದರೆ ಅದು ಆರನೇ ಓವರಲ್ಲ. ಆರು ಓವರ್ ಮುಗಿದು ಏಳನೆಯದರ ನಾಲ್ಕನೇ ಎಸೆತ. ಕಾಗದದ ಪುಸ್ತಕದಲ್ಲಿ ಅದು ಏಳನೇ ಸಾಲಿನಲ್ಲಿರುತ್ತದೆ. ಇದನ್ನು ಮರೆತು ಒಂದು ರಾತ್ರಿ ಪೂರ್ತಿ ತಪ್ಪು ಓವರಿನಲ್ಲಿ ವಿಕೆಟ್ ಹುಡುಕಿದವನು ನಾನೇ.

ಪುಸ್ತಕವನ್ನೂ ವಿಡಿಯೊವನ್ನೂ ಹೊಂದಿಸಲು ಎಸೆತಗಳನ್ನು ಎಣಿಸುತ್ತಾ ಕೂರಬೇಕಿಲ್ಲ. ಎಂಟು ಪಟ್ಟು ವೇಗದಲ್ಲಿ ಓಡಿಸಿದರೆ ಇಡೀ ಪಂದ್ಯ ಹದಿಮೂರು ನಿಮಿಷದೊಳಗೆ ಮುಗಿಯುತ್ತದೆ. ಆ ವೇಗದಲ್ಲಿ ಚೆಂಡು ಕಾಣುವುದಿಲ್ಲ, ಆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕ್ಯಾಮೆರಾ ಒಂದೇ ತುದಿಯಲ್ಲಿರುವುದರಿಂದ ಒಂದು ಓವರಿನಲ್ಲಿ ಬೌಲರ್ ನಮಗೆ ಬೆನ್ನು ಹಾಕಿ ದೂರ ಓಡುತ್ತಾನೆ, ಮುಂದಿನ ಓವರಿನಲ್ಲಿ ಬೌಲರ್ ನಮ್ಮ ಕಡೆಗೆ ಓಡಿ ಬರುತ್ತಾನೆ. ದಿಕ್ಕು ಬದಲಾದ ಕಡೆಯಲ್ಲೆಲ್ಲ ಒಂದು ಗುರುತು ಹಾಕುತ್ತಾ ಹೋಗುತ್ತೇನೆ. ಇಪ್ಪತ್ತು ಓವರುಗಳ ಗಡಿ ಸಿಕ್ಕಿತು. ಎರಡು ಗುರುತುಗಳ ನಡುವೆ ಸುಮಾರು ನಾಲ್ಕು ನಿಮಿಷ, ಅದರಲ್ಲಿ ಆರು ಎಸೆತ ಮತ್ತು ವೈಡುಗಳು. ಏಳನೇ ಓವರಿನ ಕೊನೆಯ ಎಸೆತ ಬೇಕೆಂದರೆ ಏಳನೇ ಗಡಿಯಿಂದ ಅರ್ಧ ನಿಮಿಷ ಹಿಂದೆ ಹೋದರೆ ಸಾಕು.

ಎಣಿಕೆ ತಾಳೆಯಾಗದ ಓವರ್ ಒಂದಾದರೂ ಇದ್ದೇ ಇರುತ್ತದೆ. ಈ ಪಂದ್ಯದಲ್ಲಿ ಮೊದಲ ಇನಿಂಗ್ಸಿನ ನಾಲ್ಕನೇ ಓವರಿನಲ್ಲಿ ಪುಸ್ತಕ ಒಂದು ವೈಡ್ ಸೇರಿ ಏಳು ಎಸೆತ ಎಂದಿತು, ವಿಡಿಯೊ ಆರು ಎಂದಿತು. ಹುಡುಕಿದರೆ ನಾನು ಬ್ಯಾಟರಿ ಬದಲಿಸಿದ್ದು ಅದೇ ಹೊತ್ತಿನಲ್ಲಿ. ಹೋದದ್ದು ವೈಡ್ ಆಗಿದ್ದರಿಂದ ಬದುಕಿದೆ. ಅಂದಿನಿಂದ ಬ್ಯಾಟರಿ ಬದಲಿಸುವುದು ಬಿಡುವಿನಲ್ಲಿ ಮಾತ್ರ. ಏಪ್ರಿಲ್ ಮೇ ತಿಂಗಳಿನಲ್ಲಿ ಮೊಬೈಲಿನಿಂದ ಚಿತ್ರೀಕರಿಸುವವರಿಗೆ ಇದಕ್ಕಿಂತ ದೊಡ್ಡ ಕಾಟವಿದೆ: ನಮ್ಮ ಬಿಸಿಲಿಗೆ ಫೋನ್ ಕಾದು ತಾನಾಗಿಯೇ ಚಿತ್ರೀಕರಣ ನಿಲ್ಲಿಸುತ್ತದೆ. ಅದರ ಮೇಲೊಂದು ಕೊಡೆ ಕಟ್ಟಲೇಬೇಕು.

ಧ್ವನಿಯ ಅಲೆಯನ್ನು ನೋಡಿ ದೊಡ್ಡ ಕ್ಷಣಗಳನ್ನು ಹುಡುಕಬಹುದೆಂದು ಹಲವರು ಹೇಳುತ್ತಾರೆ. ಎಡಿಟಿಂಗ್ ಪರದೆಯಲ್ಲಿ ಜನ ಕೂಗಿದ ಕಡೆ ಅಲೆ ಉಬ್ಬಿರುತ್ತದೆ, ಅಲ್ಲಿಗೆ ಹೋದರೆ ಬೌಂಡರಿಯೋ ವಿಕೆಟ್ಟೋ ಇರುತ್ತದೆ. ಮಾತು ನಿಜ, ಆದರೆ ನಮ್ಮ ಕಡೆಯ ಪಂದ್ಯಾವಳಿಗಳಲ್ಲಿ ಡಿಜೆ ಇರುತ್ತದೆ, ಮೈಕಿನಲ್ಲಿ ವೀಕ್ಷಕ ವಿವರಣೆ ಇರುತ್ತದೆ. ಬಹುಮಾನ ಕೊಡುಗೆ ನೀಡಿದವರ ಹೆಸರು ಓದುವಾಗಲೂ ಅಲೆ ಸಿಕ್ಸರಿನಷ್ಟೇ ಎತ್ತರಕ್ಕೆ ಏಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೂಗು ಹುಟ್ಟಿಸದ ಕ್ಷಣಗಳನ್ನು ಅಲೆ ತೋರಿಸುವುದಿಲ್ಲ. ಈ ಪಂದ್ಯದ ಅತ್ಯಂತ ದೊಡ್ಡ ಕ್ಷಣ ಅಂಥದ್ದೇ ಆಗಿತ್ತು.

ಅದನ್ನು ಹೇಳಿಕೊಟ್ಟವರು ಸ್ಕೋರ್ ಬರೆದ ದೈಹಿಕ ಶಿಕ್ಷಣ ಶಿಕ್ಷಕರು. ಪುಸ್ತಕ ಹಿಂದಿರುಗಿಸಲು ಹೋದಾಗ, “ಮಾಸ್ತರರೇ, ಇದರಲ್ಲಿ ಬರೆಯದೆ ಉಳಿದದ್ದು ಏನಾದರೂ ಇದೆಯೇ?” ಎಂದು ಕೇಳಿದೆ. ಅವರು ಮೊದಲ ಇನಿಂಗ್ಸಿನ ಎರಡನೇ ಓವರಿನ ಐದನೇ ಮನೆಯ ಮೇಲೆ ಬೆರಳಿಟ್ಟರು. ಅಲ್ಲಿ ಇದ್ದದ್ದು ಒಂದು ಚುಕ್ಕೆ. “ಇದು ಚುಕ್ಕೆಯಲ್ಲಪ್ಪ, ಲಾಂಗ್ ಆನಿನಲ್ಲಿ ಬಿಟ್ಟ ಕ್ಯಾಚು. ಆಗ ಆ ಹುಡುಗನದು ನಾಲ್ಕು ರನ್. ಔಟಾದಾಗ ಮೂವತ್ತೊಂದು” ಎಂದರು. ಎರಡು ರನ್ನಿನಿಂದ ಸೋತ ಪಂದ್ಯದಲ್ಲಿ ಎದುರಾಳಿಗೆ ಇಪ್ಪತ್ತೇಳು ರನ್ ಕೊಟ್ಟ ಎಸೆತ ಪುಸ್ತಕದಲ್ಲಿ ಚುಕ್ಕೆ, ಧ್ವನಿಯಲ್ಲಿ ಒಂದು ಸಣ್ಣ ನಿಟ್ಟುಸಿರು. ಬಿಟ್ಟ ಕ್ಯಾಚು, ತಪ್ಪಿದ ರನೌಟ್, ಸ್ಟಂಪಿಗೆ ಕೂದಲೆಳೆಯಲ್ಲಿ ತಾಗದೆ ಹೋದ ಎಸೆತ, ಈ ಮೂರನ್ನು ಸ್ಕೋರ್ ಬರೆದವರನ್ನೋ ಎರಡೂ ತಂಡದ ನಾಯಕರನ್ನೋ ಕೇಳಿಯೇ ಪಟ್ಟಿಗೆ ಸೇರಿಸಬೇಕು.

ಈಗ ಪಟ್ಟಿ ತಯಾರು. ಎರಡೂ ಇನಿಂಗ್ಸ್ ಸೇರಿ 12 ಬೌಂಡರಿ, 7 ಸಿಕ್ಸರ್, 14 ವಿಕೆಟ್, ಮೇಲೆ ಆ ಕ್ಯಾಚು. ಒಂದೊಂದಕ್ಕೆ ಹನ್ನೆರಡು ಸೆಕೆಂಡ್ ಕೊಟ್ಟರೂ ಆರೂಮುಕ್ಕಾಲು ನಿಮಿಷ. ಅಂದರೆ ಅರ್ಧದಷ್ಟನ್ನು ಬಿಡಬೇಕು, ಹಾಗೆ ಬಿಡುವಾಗ ಹೊಡೆತದ ಅಂದ ನೋಡಬಾರದು. ಒಂದೇ ಕ್ಯಾಮೆರಾದಲ್ಲಿ, ದೂರದಿಂದ, ಎಲ್ಲ ಸಿಕ್ಸರುಗಳೂ ಅಣ್ಣತಮ್ಮಂದಿರೇ. ಚೆಂಡು ಚೌಕಟ್ಟಿನಿಂದ ಮೇಲೆ ಹೋಗುತ್ತದೆ, ಅಂಪೈರ್ ಎರಡೂ ಕೈ ಎತ್ತುತ್ತಾರೆ. ಟಿವಿಯವರಿಗೆ ಹತ್ತಾರು ಕ್ಯಾಮೆರಾಗಳಿವೆ, ಅದೇ ಹೊಡೆತವನ್ನು ಬೇರೆ ಬೇರೆ ಬದಿಯಿಂದ ತೋರಿಸಿ ರುಚಿ ಹೆಚ್ಚಿಸುತ್ತಾರೆ. ನಮಗೆ ಆ ದಾರಿ ಇಲ್ಲ. ನಮ್ಮ ವಿಡಿಯೊವನ್ನು ನೋಡಿಸುವುದು ಚಿತ್ರವಲ್ಲ, ಲೆಕ್ಕ: ಇನ್ನೆಷ್ಟು ರನ್, ಇನ್ನೆಷ್ಟು ಎಸೆತ.

ಹಾಗಾಗಿ ಪ್ರತಿ ಓವರಿನ ಕೊನೆಗೆ ಗೆಲ್ಲಲು ಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ನೀಲಿಯವರದು ಆರು ಓವರ್ ಮುಗಿದಾಗ 3 ವಿಕೆಟಿಗೆ 58. ಬೇಕಾದದ್ದು 24 ಎಸೆತಕ್ಕೆ 27. ಏಳು ವಿಕೆಟ್ ಕೈಯಲ್ಲಿ. ಡಿಜೆಯವನು ಆಗಲೇ ಗೆಲುವಿನ ಹಾಡು ಹುಡುಕುತ್ತಿದ್ದ. ಏಳನೇ ಓವರ್ ಮುಗಿದಾಗ ನೋಡಿದರೆ 18 ಎಸೆತಕ್ಕೆ 26, ಐದು ವಿಕೆಟ್ ಹೋಗಿವೆ. ಒಂದೇ ಒಂದು ರನ್ ಬಂದ ಓವರ್. ಪಂದ್ಯ ಮುರಿದದ್ದು ಅಲ್ಲಿ. ಬೌಂಡರಿ ಮತ್ತು ವಿಕೆಟ್ ಮಾತ್ರ ಆರಿಸುವವನು ಆ ಓವರಿನಿಂದ ಎರಡು ವಿಕೆಟ್ ತೆಗೆದುಕೊಂಡು ನಡುವಿನ ನಾಲ್ಕು ಎಸೆತಗಳನ್ನು ಬಿಸಾಡುತ್ತಾನೆ. ಆಗ ನೋಡುವವನಿಗೆ ಎರಡು ವಿಕೆಟ್ ಬಿತ್ತು ಎಂದು ಗೊತ್ತಾಗುತ್ತದೆ, ಆದರೆ ಹೊಸ ಬ್ಯಾಟರ್ ಬೀಸಿ ತಪ್ಪಿಸಿಕೊಂಡದ್ದು, ಕಟ್ಟಿಹಾಕಿದಂತಾಗಿ ಕೊನೆಯ ಎಸೆತಕ್ಕೆ ಕಣ್ಣುಮುಚ್ಚಿ ಹೊಡೆದದ್ದು ಗೊತ್ತಾಗುವುದಿಲ್ಲ. ಎರಡನೇ ವಿಕೆಟಿಗೆ ಕಾರಣ ಆ ಚುಕ್ಕೆಗಳು. ಹಾಗಾಗಿ ಏಳನೇ ಓವರಿನ ಆರೂ ಎಸೆತಗಳನ್ನು ಇಟ್ಟೆ. ವಿಕೆಟಿಗೆ ಹತ್ತು ಹನ್ನೊಂದು ಸೆಕೆಂಡ್, ಉಳಿದವಕ್ಕೆ ನಾಲ್ಕೈದು: ಬೌಲರ್ ಕೈ ತಿರುಗಿಸುವುದು, ಬ್ಯಾಟು ಗಾಳಿಗೆ, ಚೆಂಡು ಕೀಪರಿನ ಕೈಗೆ, ಕತ್ತರಿ. ಹೀಗೆ ತುಂಡುತುಂಡಾಗಿ ಬಂದಾಗ ಚುಕ್ಕೆಗಳು ಗಡಿಯಾರದ ಮುಳ್ಳಿನಂತೆ ಬಡಿಯುತ್ತವೆ. ಇಡೀ ಓವರಿಗೆ ಹಿಡಿದದ್ದು ನಲವತ್ತು ಸೆಕೆಂಡ್.

ಮೊದಲ ಇನಿಂಗ್ಸಿಗೆ ಇಷ್ಟು ಧಾರಾಳ ಬೇಡ. ಅಲ್ಲಿ ಗುರಿ ಇನ್ನೂ ಹುಟ್ಟಿಲ್ಲ, ಆದ್ದರಿಂದ ಬಿಗಿಯೂ ಇಲ್ಲ. ಮೊದಲ ವಿಕೆಟ್, ಬಿಟ್ಟ ಕ್ಯಾಚು, ಅದೇ ಹುಡುಗನ ಒಂದು ಬೌಂಡರಿ ಮತ್ತು ಒಂದು ಸಿಕ್ಸರ್, ಅವನ ವಿಕೆಟ್, ಕೊನೆಯ ಓವರಿನ ಒಂದು ಸಿಕ್ಸರ್, ಸ್ಕೋರ್ ಬೋರ್ಡಿನ ಮೇಲೆ 84. ಒಟ್ಟು 65 ಸೆಕೆಂಡ್. ಇಲ್ಲಿ ಒಬ್ಬನನ್ನೇ ಹಿಂಬಾಲಿಸಿದ್ದೇನೆ ಎಂಬುದನ್ನು ಗಮನಿಸಿ. ಹತ್ತು ಓವರುಗಳಿಂದ ಹತ್ತು ಜನರ ಹತ್ತು ಹೊಡೆತ ತೆಗೆದರೆ ಯಾರೂ ನೆನಪಿನಲ್ಲಿ ಉಳಿಯುವುದಿಲ್ಲ. ಕ್ಯಾಚು ತಪ್ಪಿಸಿಕೊಂಡವನನ್ನೇ ಮತ್ತೆ ಮತ್ತೆ ತೋರಿಸಿದರೆ, ಬಿಟ್ಟದ್ದರ ಬೆಲೆ ಎಷ್ಟಾಯಿತು ಎಂಬುದನ್ನು ನೋಡುವವನೇ ಕೂಡಿಸಿಕೊಳ್ಳುತ್ತಾನೆ. ನೀಲಿಯವರ ಹತ್ತನೇ ಓವರಿಗೆ ಮಾತ್ರ, ಅದೊಂದಕ್ಕೇ, 66 ಸೆಕೆಂಡ್ ಕೊಟ್ಟೆ. ಕೆಂಪಿನವರ ಇಡೀ ಆಟಕ್ಕಿಂತ ಒಂದು ಸೆಕೆಂಡ್ ಹೆಚ್ಚು.

ಇನ್ನು ಜೋಡಣೆ. ಕೊನೆಯ ಎಸೆತವನ್ನು ಮೊದಲೇ ತೋರಿಸಿ, ಆಮೇಲೆ ಹಿಂದಕ್ಕೆ ಹೋಗುವ ಪದ್ಧತಿ ಈಗ ಎಲ್ಲ ಕಡೆ ಇದೆ. ನನಗೆ ಅದು ಹಿಡಿಸುವುದಿಲ್ಲ, ಅದರಲ್ಲೂ ಗುರಿ ಬೆನ್ನಟ್ಟಿದ ಪಂದ್ಯಕ್ಕೆ. 27, 26, 17, 10 ಎಂದು ಇಳಿಯುತ್ತಾ ಬರುವ ಲೆಕ್ಕವೇ ಕಥೆಯಾಗಿರುವಾಗ ಮೊತ್ತವನ್ನು ಮೊದಲೇ ಹೇಳಿದರೆ ಉಳಿಯುವುದೇನು? ಫಲಿತಾಂಶ ಗೊತ್ತಿರುವ ಊರಿನವರೂ ಆ ಇಳಿತವನ್ನೇ ಮತ್ತೆ ಅನುಭವಿಸಲು ನೋಡುತ್ತಾರೆ. ಹಾಗಾಗಿ ನಡೆದ ಕ್ರಮದಲ್ಲೇ ಇಡುತ್ತೇನೆ. ನನ್ನ ಸ್ವಾತಂತ್ರ್ಯವಿರುವುದು ನಡುವಿನದನ್ನು ಬಿಡುವುದರಲ್ಲಿ, ಹಿಂದುಮುಂದು ಮಾಡುವುದರಲ್ಲಲ್ಲ. ಹಿಂದುಮುಂದು ಮಾಡಿದರೆ ಸಿಕ್ಕಿಬೀಳುವುದೂ ಸುಲಭ. ಸಂಜೆಯ ಪಂದ್ಯದಲ್ಲಿ ಆಟಗಾರರ ನೆರಳು ಓವರಿನಿಂದ ಓವರಿಗೆ ಉದ್ದವಾಗುತ್ತಾ ಹೋಗುತ್ತದೆ. ಉದ್ದ ನೆರಳಿನ ಮುಂದೆ ಗಿಡ್ಡ ನೆರಳು ಬಂದರೆ ಯಾಕೆಂದು ಗೊತ್ತಾಗದಿದ್ದರೂ ಕಣ್ಣಿಗೆ ಏನೋ ಚುಚ್ಚುತ್ತದೆ.

ಕ್ರಮದಲ್ಲೇ ಇಟ್ಟರೂ ಒಂದೇ ಕ್ಯಾಮೆರಾ ಒಂದು ಗೊಂದಲ ಹುಟ್ಟಿಸುತ್ತದೆ. ಬೌಲರ್ ನಮ್ಮ ತುದಿಯಿಂದ ಓಡುವಾಗ ಬ್ಯಾಟರ್ ನಮಗೆ ಎದುರಾಗಿ ದೂರದಲ್ಲಿರುತ್ತಾನೆ. ಬಲಗೈ ಆಟಗಾರ ಕವರ್ ಕಡೆ ಹೊಡೆದರೆ ಚೆಂಡು ಪರದೆಯ ಎಡಕ್ಕೆ ಹೋಗುತ್ತದೆ. ಮುಂದಿನ ಓವರಿನಲ್ಲಿ ಬ್ಯಾಟರ್ ನಮ್ಮ ಹತ್ತಿರದ ತುದಿಯಲ್ಲಿ ಬೆನ್ನು ತೋರಿಸಿ ನಿಲ್ಲುತ್ತಾನೆ, ಅದೇ ಹೊಡೆತ ಈಗ ಬಲಕ್ಕೆ ಹೋಗುತ್ತದೆ. ಈ ಪಂದ್ಯದ ಎಂಟನೇ ಓವರಿನಲ್ಲಿ ಒಬ್ಬ ಕವರಿನ ಮೇಲೆ ಸಿಕ್ಸರ್ ಹೊಡೆದ, ಒಂಬತ್ತನೆಯದರ ಮೊದಲ ಎಸೆತದಲ್ಲಿ ಅವನೇ ಕವರಿನ ನಡುವೆ ಬೌಂಡರಿ ಹೊಡೆದ. ಎರಡನ್ನೂ ಅಂಟಿಸಿ ನೋಡಿದರೆ ಒಂದು ಬಲಕ್ಕೆ, ಒಂದು ಎಡಕ್ಕೆ. ಬಲಗೈಯವನೊಬ್ಬ, ಎಡಗೈಯವನೊಬ್ಬ ಆಡುತ್ತಿರುವಂತೆ ಕಂಡಿತು. ಒಂದನ್ನು ಕನ್ನಡಿಯಂತೆ ತಿರುಗಿಸಿಬಿಡೋಣ ಎಂಬ ಆಸೆ ಬರುತ್ತದೆ, ಮಾಡಬಾರದು. ಅಂಗಿಯ ಮೇಲಿನ ಅಂಕಿ ತಿರುಗುಮುರುಗಾಗಿ ಮರ್ಯಾದೆ ಹೋಗುತ್ತದೆ. ಎರಡರ ನಡುವೆ ಆಟಗಾರರು ತುದಿ ಬದಲಿಸುವ ಒಂದೂವರೆ ಸೆಕೆಂಡ್ ಇಟ್ಟು, ಅದರ ಮೇಲೆ “12 ಎಸೆತ, 17 ರನ್” ಎಂದು ಬರೆದೆ. ದಿಕ್ಕು ಬದಲಾದದ್ದು ಕಣ್ಣಿಗೂ ತಿಳಿಯಿತು, ಲೆಕ್ಕವೂ ಮುಂದುವರಿಯಿತು.

ಒಂದು ತುಣುಕು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು? ಹೊಸಬರು ಬೌಲರಿನ ಪೂರ್ತಿ ಓಟವನ್ನಿಟ್ಟು, ಚೆಂಡು ಚೌಕಟ್ಟು ದಾಟಿದ ಕೂಡಲೇ ಕತ್ತರಿಸುತ್ತಾರೆ. ಇದರ ತಿರುವುಮುರುವು ಆಗಬೇಕು. ಓಟದ ಕೊನೆಯ ಮೂರು ಹೆಜ್ಜೆ ಸಾಕು, ಎರಡು ಸೆಕೆಂಡ್. ಕೊನೆಯಲ್ಲಿ ಮಾತ್ರ ಅಂಪೈರ್ ಸನ್ನೆ ಮಾಡುವ ತನಕ ಕಾಯಬೇಕು. ಗಟ್ಟಿ ನಿಲ್ಲಿಸಿದ ಕ್ಯಾಮೆರಾದಲ್ಲಿ ಬೌಂಡರಿ ಗೆರೆಯ ಕ್ಯಾಚು ಕಾಣುವುದೇ ಇಲ್ಲ. ಚೆಂಡು ಮೇಲೆ ಹೋಯಿತು, ಬ್ಯಾಟರ್ ನಿಂತು ನೋಡಿದ, ಮೂವರು ಕ್ಷೇತ್ರರಕ್ಷಕರು ಒಂದೇ ಕಡೆ ತಿರುಗಿದರು, ಆಮೇಲೆ ಬೆರಳು ಎದ್ದಿತು. ಅಷ್ಟೇ ನಮ್ಮ ಸಾಕ್ಷಿ. ಆ ಬೆರಳನ್ನು ಕತ್ತರಿಸಿದರೆ ಅದು ಸಿಕ್ಸರೂ ಆಗಬಹುದು.

ಚಿತ್ರವನ್ನು 4ಕೆಯಲ್ಲಿ ತೆಗೆದಿದ್ದರೆ ಸ್ವಲ್ಪ ಉಸಿರಾಡಲು ಜಾಗವಿದೆ. ಅದರ ಅಗಲ 3840 ಪಿಕ್ಸೆಲ್, ನಾವು ಕೊಡುವ ವಿಡಿಯೊ 1920. ಅಂದರೆ ಚಿತ್ರದ ಯಾವುದೇ ಮೂಲೆಯನ್ನು ಎರಡು ಪಟ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಲಾಂಗ್ ಆನಿನ ಆ ಕ್ಯಾಚನ್ನು ನೋಡುವವರಿಗೆ ತಲುಪಿಸಿದ್ದು ಇದೇ ಉಪಾಯ. ಎರಡನೇ ಓವರ್ ದೂರದ ತುದಿಯಿಂದ, ಬ್ಯಾಟರ್ ನಮ್ಮ ಹತ್ತಿರ, ಚೆಂಡು ನಮ್ಮಿಂದ ದೂರಕ್ಕೆ ಹೋಗಿ ಬಿದ್ದಿತ್ತು. ಪೂರ್ಣ ಚೌಕಟ್ಟಿನಲ್ಲಿ ಆ ಹುಡುಗ ಒಂದು ನೀಲಿ ಚುಕ್ಕೆ. ಹಿಗ್ಗಿಸಿದಾಗ ಕೈ ಕಂಡಿತು, ಕೈಯಿಂದ ಜಾರಿದ ಚೆಂಡೂ ಕಂಡಿತು.

ಧ್ವನಿಯ ಬಗ್ಗೆ ಎರಡು ಮಾತು, ಏಕೆಂದರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬ್ಯಾಟಿಗೆ ಚೆಂಡು ತಾಗಿದ್ದು ಕಣ್ಣಿಗೆ ಕಂಡ ಮೇಲೆ ಸ್ವಲ್ಪ ತಡವಾಗಿ ‘ಟಕ್’ ಎನ್ನುತ್ತದೆ. ಬೇಸಿಗೆಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. ನನ್ನ ಟ್ರೇಲರಿನಿಂದ ಹತ್ತಿರದ ಸ್ಟಂಪಿಗೆ ಸುಮಾರು 45 ಮೀಟರ್, ದೂರದ್ದಕ್ಕೆ 65. ಸೆಕೆಂಡಿಗೆ 25 ಚೌಕಟ್ಟು, ಅಂದರೆ 25 ಬಿಡಿ ಚಿತ್ರ, ಓಡುವ ವಿಡಿಯೊದಲ್ಲಿ ಹತ್ತಿರದ ತುದಿಯ ಹೊಡೆತದ ಸದ್ದು ಮೂರು ಚೌಕಟ್ಟು ತಡ, ದೂರದ ತುದಿಯದು ಐದು. ಮೈದಾನದಲ್ಲಿ ಕುಳಿತವರಿಗೆ ಇದು ಸಹಜ, ಮೊಬೈಲನ್ನು ಮುಖದ ಹತ್ತಿರ ಹಿಡಿದು ನೋಡುವವರಿಗೆ ಹೊಡೆತ ಮೆತ್ತಗಾದಂತೆ ಅನ್ನಿಸುತ್ತದೆ. ಪ್ರತಿ ತುಣುಕಿನ ಧ್ವನಿಯನ್ನು ಅಷ್ಟೇ ಚೌಕಟ್ಟು ಮೊದಲೇ ಕೇಳುವಂತೆ ಎಳೆದರೆ ಬ್ಯಾಟಿಗೆ ಜೀವ ಬರುತ್ತದೆ. ಮೈಕಿನವನ ಮಾತೂ ಜೊತೆಗೆ ಸರಿಯುತ್ತದೆ, ಆದರೆ ಅವನ ತುಟಿ ಚಿತ್ರದಲ್ಲಿಲ್ಲವಲ್ಲ. ಡಿಜೆ ಹಾಡು ಇರುವ ತುಣುಕುಗಳು ಬೇರೆ ತಲೆನೋವು. ಎರಡು ಎಸೆತ ಅಂಟಿಸಿದಾಗ ಹಾಡು ಪಲ್ಲವಿಯಿಂದ ನೇರ ಎರಡನೇ ಚರಣಕ್ಕೆ ಹಾರುತ್ತದೆ, ಯೂಟ್ಯೂಬಿಗೆ ಹಾಕಿದರೆ ಹಾಡಿನ ಹಕ್ಕಿನವರ ತಕರಾರೂ ಬರಬಹುದು. ಹಾಡು ಜೋರಾಗಿರುವ ಕಡೆ ಮೂಲ ಧ್ವನಿಯನ್ನು ಬ್ಯಾಟಿನ ಸದ್ದಿನವರೆಗೆ ಮಾತ್ರ ಇಟ್ಟು, ಆಮೇಲೆ ಹಾಡಿಲ್ಲದ ಹೊತ್ತಿನಲ್ಲಿ ಹಿಡಿದ ಮೈದಾನದ ಗುಜುಗುಜುವನ್ನು ಹಾಸುತ್ತೇನೆ.

ಗುಜುಗುಜು ಹಾಸಬಹುದು, ಮುಖ ಹಾಸಬಾರದು. ಇದನ್ನು ಪೆಟ್ಟು ತಿಂದು ಕಲಿತೆ. ಎಸೆತಗಳ ನಡುವೆ ಕ್ಯಾಮೆರಾ ತಿರುಗಿಸಿ ಜನರನ್ನು ಹಿಡಿದಿಟ್ಟುಕೊಂಡಿರುತ್ತೇನೆ, ಎರಡು ತುಣುಕುಗಳ ನಡುವಿನ ಜಿಗಿತ ಮುಚ್ಚಲು ಅದು ಉಪಯೋಗಕ್ಕೆ ಬರುತ್ತದೆ. ಹಿಂದೊಮ್ಮೆ ಒಂದು ವಿಕೆಟಿನ ನಂತರ ಎದ್ದು ನಿಂತು ಟವೆಲ್ ಬೀಸುತ್ತಿದ್ದ ಹಿರಿಯರೊಬ್ಬರನ್ನು ಹಾಕಿದೆ. ಅವರು ಬೀಸಿದ್ದು ಅದಕ್ಕೆ ಮುಂಚಿನ ಸಿಕ್ಸರಿಗೆ. ಔಟಾದವನು ಅವರ ಅಳಿಯ. ವಿಡಿಯೊ ಊರೆಲ್ಲ ಸುತ್ತಿದ ಮೇಲೆ ಅವರ ಮನೆಯಿಂದ ಫೋನ್ ಬಂತು: “ತಮ್ಮಾ, ನಮ್ಮ ಮನೆಯಲ್ಲಿ ಎರಡು ದಿನದಿಂದ ಮಾತಿಲ್ಲ, ಅದನ್ನು ತೆಗೆ.” ಅಂದಿನಿಂದ ಒಂದು ಎಸೆತದ ಸಂಭ್ರಮವನ್ನು ಆ ಎಸೆತಕ್ಕೆ ಮಾತ್ರ ಅಂಟಿಸುತ್ತೇನೆ.

ಹತ್ತನೇ ಓವರಿಗೆ ಬರೋಣ. ಆರು ಎಸೆತಕ್ಕೆ ಹತ್ತು ಬೇಕು. ಒಂದು ರನ್, ನಾಲ್ಕು ರನ್. ನಾಲ್ಕು ಎಸೆತಕ್ಕೆ ಐದು. ಕ್ಯಾಚು ಕೊಟ್ಟು ಒಬ್ಬ ಹೋದ. ಒಂದು ಚುಕ್ಕೆ. ಒಂದು ರನ್. ಕೊನೆಯ ಎಸೆತಕ್ಕೆ ನಾಲ್ಕು. ಈ ಓವರಿನಲ್ಲಿ ಮಾತ್ರ ನನ್ನ ನಿಯಮಗಳನ್ನು ಸಡಿಲಿಸುತ್ತೇನೆ. ಚುಕ್ಕೆಗೂ ಏಳು ಸೆಕೆಂಡ್, ಏಕೆಂದರೆ ಚೆಂಡು ಕೀಪರಿಗೆ ಸೇರಿದ ಮೇಲೆ ಬ್ಯಾಟರ್ ಆಕಾಶ ನೋಡಿ ಬ್ಯಾಟಿನಿಂದ ನೆಲ ಗುದ್ದುತ್ತಾನೆ. ಇಲ್ಲಿಯವರೆಗೆ ಸತ್ತ ಹೊತ್ತನ್ನೆಲ್ಲ ಕತ್ತರಿಸುತ್ತಾ ಬಂದವನು ಕೊನೆಯ ಎಸೆತಕ್ಕೆ ಮುಂಚೆ ಎಂಟು ಸೆಕೆಂಡ್ ಏನೂ ಆಗದ ಚಿತ್ರವನ್ನು ಬೇಕೆಂದೇ ಇಟ್ಟೆ. ನಾಯಕ ಕೈ ಮಾಡಿ ಒಬ್ಬನನ್ನು ಗೆರೆಗೆ ಕಳಿಸುತ್ತಾನೆ, ಮೈಕಿನವನೂ ಮಾತು ನಿಲ್ಲಿಸಿದ್ದಾನೆ, ದೂರದಲ್ಲಿ ಯಾವುದೋ ಬೈಕಿನ ಸದ್ದು. ಮೂರು ನಿಮಿಷ ಪಟಪಟನೆ ಓಡಿದ ವಿಡಿಯೊ ಒಮ್ಮೆಲೇ ನಿಂತಾಗ ನೋಡುವವರೂ ಮೊಬೈಲನ್ನು ಹತ್ತಿರ ಹಿಡಿಯುತ್ತಾರೆ.

ಚೆಂಡು ಮೇಲೆದ್ದು ಡೀಪ್ ಮಿಡ್‌ವಿಕೆಟಿನ ಮುಂದೆ ಬಿದ್ದಿತು. ಒಂದು ರನ್ ಓಡಿ ಎರಡನೆಯದಕ್ಕೆ ತಿರುಗಿದವನು ನಮ್ಮ ಹತ್ತಿರದ ತುದಿಯಲ್ಲಿ ರನೌಟ್. ಕೀಪರ್ ಬೈಲ್ಸ್ ಎಗರಿಸಿದಾಗ ಬ್ಯಾಟು ಗೆರೆ ದಾಟಿತ್ತೇ? ನನ್ನ ಕ್ಯಾಮೆರಾ ಪಿಚ್ಚಿನ ನೇರಕ್ಕಿದೆ, ಗೆರೆಗೆ ಅಡ್ಡಲಾಗಿಲ್ಲ. ಉದ್ದಕ್ಕೆ ನೋಡುವ ಕಣ್ಣಿಗೆ ಒಂದಡಿಯ ಅಂತರವೂ ತಿಳಿಯುವುದಿಲ್ಲ. ಸ್ಕ್ವೇರ್ ಲೆಗ್ ಅಂಪೈರಿಗೆ ಕಂಡದ್ದು ನನಗೆ ಕಾಣುವುದಿಲ್ಲ, ಅವರ ಬೆರಳೂ ಚೌಕಟ್ಟಿನ ಹೊರಗೆ. “ಅದನ್ನು ನಿಧಾನ ಮಾಡಿ, ದೊಡ್ಡದು ಮಾಡಿ ತೋರಿಸಿ ಅಣ್ಣ” ಎಂದು ನೀಲಿಯವರು ಕೇಳಿದರು. ಒಪ್ಪಲಿಲ್ಲ. ನಿಧಾನವಾಗಿ ತೋರಿಸಿದರೆ ನೋಡುವವರು ಅದನ್ನು ತೀರ್ಪಿಗೆ ಸಾಕ್ಷಿ ಎಂದುಕೊಳ್ಳುತ್ತಾರೆ, ಅದಕ್ಕೆ ಆ ಯೋಗ್ಯತೆ ಇಲ್ಲ. ಸಹಜ ವೇಗದಲ್ಲೇ ಬಿಟ್ಟು, ಕೆಂಪು ಅಂಗಿಗಳು ನಾಲ್ಕೂ ಕಡೆಯಿಂದ ಕೀಪರಿನ ಮೇಲೆ ಬಂದು ಬೀಳುವ ತನಕ ಓಡಿಸಿದೆ. ಯಾರು ಗೆದ್ದರೆಂಬುದಕ್ಕೆ ಅಷ್ಟು ಸಾಕು.

ಎಲ್ಲ ಸೇರಿ 3 ನಿಮಿಷ 54 ಸೆಕೆಂಡ್ ಆಯಿತು. ಹನ್ನೊಂದು ಬೌಂಡರಿ ಸಿಕ್ಸರುಗಳು, ಆರು ವಿಕೆಟುಗಳು ಹೊರಗುಳಿದವು. “ಅಣ್ಣ, ನನ್ನ ಸಿಕ್ಸರ್ ಎಲ್ಲಿ?” ಎಂದು ಬರುವವರಿಗಾಗಿ ಎಲ್ಲ 33 ತುಣುಕುಗಳನ್ನು ಓವರ್ ಕ್ರಮದಲ್ಲಿ ಅಂಟಿಸಿದ ಇನ್ನೊಂದು ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ. ತುಣುಕುಗಳು ಹೇಗೂ ತಯಾರಿರುತ್ತವೆ, ಹತ್ತು ನಿಮಿಷದ ಕೆಲಸ.

ಕೊಡುವ ಮುಂಚಿನ ಸಂಜೆ ಕ್ಯಾಚು ಬಿಟ್ಟ ಹುಡುಗ ಅಂಗಡಿಗೆ ಬಂದ. ಬಾಗಿಲಲ್ಲೇ ನಿಂತು, “ಅಣ್ಣ, ಅದೊಂದನ್ನು ತೆಗೆದುಬಿಡಿ” ಎಂದ. ತೆಗೆದರೆ ಪಂದ್ಯವೇ ಅರ್ಥವಾಗುವುದಿಲ್ಲ ಎಂದು ವಿವರಿಸಿದೆ, ಕೂರಿಸಿ ತೋರಿಸಿದೆ. ಚೆಂಡು ಕೈಯಿಂದ ಜಾರಿದ ಮೇಲೂ ಹಿಗ್ಗಿಸಿದ ಚಿತ್ರ ಅವನ ಮೇಲೆಯೇ ನಿಂತಿತ್ತು: ಮಂಡಿಯೂರಿ, ಎರಡೂ ಕೈ ತಲೆಯ ಮೇಲೆ, ಮೂರು ಸೆಕೆಂಡ್. ಆ ಮೂರು ಸೆಕೆಂಡಿನಲ್ಲಿ ಪಂದ್ಯದ ಬಗ್ಗೆ ಹೊಸದೇನೂ ಇರಲಿಲ್ಲ. ಚೆಂಡು ನೆಲಕ್ಕೆ ತಾಗಿದ ಕೂಡಲೇ ಕತ್ತರಿಸಿ, ಮುಂದಿನ ತುಣುಕಿಗೆ ಹೋದೆ. ವಿಡಿಯೊ 3 ನಿಮಿಷ 51 ಸೆಕೆಂಡಿಗೆ ಇಳಿಯಿತು.